ಬಸ್ ನಿಲ್ದಾಣದಲ್ಲಿ ಮಂದಿ ನಡುಬಾಗಿಲಲ್ಲೇ ಯಾಕೆ ನಿಲ್ಲುತ್ತಾರೆ?

ಪ್ರಶ್ನೆ: "ನಮಸ್ಕಾರ್ರೀ ಸರ್. ಕಲಬುರಗಿ ಜಿಲ್ಲೆದಾಗಿನ ಒಂದು ತಾಲೂಕು ಊರಾಗ ಬಸ್‌ಸ್ಟ್ಯಾಂಡ್ ಸುಧಾರಣಾ ಸಮಿತಿಯೊಳಗ ಅದೀನ್ರಿ. ನಮ್ಮಲ್ಲಿ 12 ಅಂಕಣ ಅದಾವ. ಅವುಗಳ ಮುಂದ 160 ಫೂಟು ಉದ್ದ, 20 ಫೂಟು ಅಗಲದ ವರಾಂಡ, ನೆಲಕ್ಕ 2 ಫೂಟಿನ ಶಹಾಬಾದ್ ಫರಸಿ. ರೋಡಿನಿಂದ ಒಳಗ ಬರ್ಲಿಕ್ಕ ನಟ್ಟನಡುವ 10 ಫೂಟಿನ ಒಂದೇ ಬಾಗಲ. ಹುಣ್ಣಿಮಿ ಹಿಂದಿನ ದಿನ ಸಂಜಿಗೆ ಗಾಣಗಾಪುರಕ್ಕ ಹೋಗೋ ಮಂದಿ ಬಂದ್ರ ಕಾಲಿಡ್ಲಿಕ್ಕ ಜಾಗ ಇರಂಗಿಲ್ಲ. ನಾಕು ಹುಡುಗರನ್ನ ನಿಲ್ಲಿಸಿ ಎಣಿಸಿದ್ವಿ: ಒಟ್ಟು 400 ಮಂದಿ, ಅದರಾಗ 250 ಮಂದಿ ಬಾಗಲ ಮುಂದಿನ 40 ಫೂಟಿನೊಳಗ. ಬೋರ್ಡ್ ಹಾಕೀವಿ, ಯಾರೂ ಓದಂಗಿಲ್ಲ. ಕೆಲವರು ವರಾಂಡ ದೊಡ್ಡದು ಮಾಡ್ರಿ ಅಂತಾರ, ಕೆಲವರು ಸ್ಟೀಲ್ ರೇಲಿಂಗ್ ಬಡೀರಿ ಅಂತಾರ. ರೊಕ್ಕ ಹಾಕೂಕಿಂತ ಮೊದಲು ಏನ್ ಮಾಡ್ಬೇಕ್ರಿ?"

ಉತ್ತರ:

ಎಣಿಸಿದ್ದು ಒಳ್ಳೆಯದಾಯಿತು, ಅರ್ಧ ಉತ್ತರ ಆ ಎಣಿಕೆಯಲ್ಲೇ ಇದೆ. ಲೆಕ್ಕವನ್ನು ನಿಮ್ಮ ಫರಸಿಯಲ್ಲೇ ಹಾಕೋಣ. 2 ಫೂಟಿನ ಒಂದು ಫರಸಿ ಅಂದರೆ 4 ಚದರಡಿ. ನಿಮ್ಮ ವರಾಂಡದಲ್ಲಿ ಅಂಥ 800 ಫರಸಿ ಇವೆ. 400 ಮಂದಿ ಎಲ್ಲ ಕಡೆ ಸಮನಾಗಿ ನಿಂತರೆ ತಲೆಗೆ ಎರಡು ಫರಸಿ ಸಿಗುತ್ತದೆ. ಬಾಗಿಲ ಮುಂದಿನ 40 ಫೂಟಿನಲ್ಲಿ ಇರುವುದು 200 ಫರಸಿ, ನಿಂತವರು 250. ತಲೆಗೆ ಒಂದು ಫರಸಿಯೂ ಪೂರ್ತಿ ಇಲ್ಲ. ಉಳಿದ 600 ಫರಸಿಯ ಮೇಲೆ 150 ಮಂದಿ, ಅಂದರೆ ತಲೆಗೆ ನಾಲ್ಕು.

ಕಾಯುವವರಿಗೆ ಎಷ್ಟು ಜಾಗ ಬೇಕು ಎಂಬುದಕ್ಕೆ ಅಮೆರಿಕದ ಎಂಜಿನಿಯರ್ ಜಾನ್ ಫ್ರೂಯಿನ್ 1971ರಲ್ಲಿ ಕೊಟ್ಟ ಅಳತೆಗಳನ್ನು ಇವತ್ತಿಗೂ ಬಳಸುತ್ತಾರೆ. ಅವನ್ನು ಫರಸಿಗೆ ತಿರುಗಿಸಿದರೆ ಹೀಗಾಗುತ್ತದೆ: ತಲೆಗೆ ಎರಡು ಫರಸಿ ಇದ್ದರೆ ಆರಾಮಾಗಿ ನಿಲ್ಲಬಹುದು, ನಡುವೆ ಒಬ್ಬರು ದಾಟಿಯೂ ಹೋಗಬಹುದು. ಒಂದು ಫರಸಿಗೆ ಇಳಿದರೆ ನಿಲ್ಲಬಹುದು, ಆದರೆ "ಸರೀರಿ, ಸರೀರಿ" ಅನ್ನದೆ ಯಾರೂ ದಾಟಲಾರರು. ಅರ್ಧ ಫರಸಿಗೆ ಬಂದರೆ ಮೈಗೆ ಮೈ ತಾಗುತ್ತದೆ, ತನ್ನ ಕಾಲಿನ ಮೇಲೆ ತನಗೆ ಹಿಡಿತ ಇರುವುದಿಲ್ಲ. ಹಿಂದಿನಿಂದ ಒಬ್ಬ ದಬ್ಬಿದರೆ ಮುಂದಿನ ಹತ್ತು ಜನ ವಾಲುತ್ತಾರೆ. ಕಾಲ್ತುಳಿತಗಳು ಶುರುವಾಗುವುದು ಈ ಮಟ್ಟದಲ್ಲಿ.

ಅಂದರೆ ಜಾಗ ಸಾಲುತ್ತಿಲ್ಲ ಎಂಬ ಮಾತು ಸದ್ಯಕ್ಕೆ ನಿಜವಲ್ಲ. ವರಾಂಡವನ್ನು ಎರಡೂ ಕಡೆ 40 ಫೂಟು ಬೆಳೆಸಿದರೂ ಆ 250 ಮಂದಿ ನಡುವೆಯೇ ನಿಂತಿರುತ್ತಾರೆ. ಅವರು ಯಾಕೆ ಅಲ್ಲೇ ನಿಲ್ಲುತ್ತಾರೆ ಎಂಬುದು ಮೊದಲು ತಿಳಿಯಬೇಕು.

ಒಂದು ಸಂಜೆ ನೀವೇ ಆ ಜಾಗದಲ್ಲಿ ನಿಂತು ನೋಡಿ. ಅಲ್ಲಿಂದ ಬಸ್ಸು ಒಳಬರುವ ಗೇಟು ಕಾಣುತ್ತದೆ, ಒಂದರಿಂದ ಹನ್ನೆರಡರವರೆಗೆ ಎಲ್ಲ ಅಂಕಣ ಕಾಣುತ್ತವೆ, ವಿಚಾರಣೆ ಕಿಟಕಿ ಕೈಗೆಟುಕುವಷ್ಟು ಹತ್ತಿರ. ಬಸ್ಸು ಯಾವ ಅಂಕಣಕ್ಕೆ ಹೊಕ್ಕರೂ ಓಡಿ ಹೋಗಲು ಅನುಕೂಲದ ಜಾಗ ಅದೊಂದೇ. ಗಾಣಗಾಪುರದ ಬಸ್ಸು ನಿನ್ನೆ ನಾಲ್ಕನೇ ಅಂಕಣಕ್ಕೆ ಹಚ್ಚಿತ್ತು, ಮೊನ್ನೆ ಒಂಬತ್ತನೆಯದಕ್ಕೆ. ಹೀಗಿರುವಾಗ ನಡುವೆ ನಿಲ್ಲುವುದೇ ಬುದ್ಧಿವಂತಿಕೆ. ಬೋರ್ಡಿನ ಮೇಲೆ "ಅಂಕಣ 9" ಎಂದು ಬರೆದು ಬಸ್ಸನ್ನು ಖಾಲಿ ಇದ್ದ ಕಡೆ ಹಚ್ಚುತ್ತ ಹೋದರೆ, ಆ ಬೋರ್ಡನ್ನು ಓದಿದವನಿಗೇ ಸೀಟು ತಪ್ಪುತ್ತದೆ. ಎರಡು ಸಲ ಹಾಗಾದ ಮೇಲೆ ಅವನು ಬೋರ್ಡಿನ ಕಡೆ ನೋಡುವುದಿಲ್ಲ, ಗೇಟಿನ ಕಡೆ ನೋಡುತ್ತಾನೆ. "ನಮ್ಮ ಮಂದಿ ಓದಂಗಿಲ್ಲ" ಎಂಬ ದೂರಿನ ಹಿಂದೆ ಬಹಳ ಸಲ ಇರುವುದು ಇದು. ಓದು ಬಾರದ್ದಕ್ಕಿಂತ ನಂಬಿಕೆ ಹೋದದ್ದು ದೊಡ್ಡ ಕಾರಣ.

ಆದ್ದರಿಂದ ಮೊದಲ ಕೆಲಸ ಅಂಕಣಗಳನ್ನು ದಿಕ್ಕಿನ ಪ್ರಕಾರ ಗಟ್ಟಿ ಮಾಡುವುದು. ಕಂಟ್ರೋಲರ್ ಇದಕ್ಕೆ ಒಪ್ಪದಿರಬಹುದು, ಅವರ ಆಕ್ಷೇಪದಲ್ಲಿ ತಿರುಳೂ ಇದೆ: ಒಂದು ಅಂಕಣ ಖಾಲಿ ಬಿದ್ದಿರುತ್ತದೆ, ಪಕ್ಕದ್ದರ ಹಿಂದೆ ಎರಡು ಬಸ್ಸು ಕಾಯುತ್ತ ನಿಲ್ಲುತ್ತವೆ. ಇದನ್ನು ವಾದದಿಂದಲ್ಲ, ಲೆಕ್ಕದಿಂದ ಬಗೆಹರಿಸಬೇಕು. ಒಂದು ಬಸ್ಸು ಅಂಕಣದಲ್ಲಿ 10 ನಿಮಿಷ ನಿಂತು, ಹೊಕ್ಕು ಹೊರಬೀಳಲು ಇನ್ನೆರಡು ನಿಮಿಷ ತೆಗೆದುಕೊಂಡರೆ ತಾಸಿಗೆ ಐದು ಬಸ್ಸು. ಅದು ಎಲ್ಲವೂ ಸರಿ ನಡೆದಾಗಿನ ಮಾತು, ಯೋಜನೆಗೆ ಮೂರರಿಂದ ನಾಲ್ಕು ಎಂದಿಟ್ಟುಕೊಳ್ಳಿ. ಗದ್ದಲದ ತಾಸಿನಲ್ಲಿ ಯಾವ ದಿಕ್ಕಿಗೆ ಎಷ್ಟು ಬಸ್ಸು ಎಂಬುದು ಕಂಟ್ರೋಲರ್ ಪುಸ್ತಕದಲ್ಲಿ ಸಿಗುತ್ತದೆ. ಉದಾಹರಣೆಗೆ ಕಲಬುರಗಿ ಕಡೆ 10, ಗಾಣಗಾಪುರ ಕಡೆ 14, ಅಕ್ಕಲಕೋಟ–ಸೊಲ್ಲಾಪುರ ಕಡೆ 6, ಸುತ್ತಲ ಹಳ್ಳಿಗಳಿಗೆ 7 ಎಂದುಕೊಂಡರೆ ಕ್ರಮವಾಗಿ 3, 4, 2, 2 ಅಂಕಣ ಸಾಕು. ಒಟ್ಟು 11 ಆಯಿತು. ಉಳಿದ ಒಂದನ್ನು ಯಾರಿಗೂ ಕೊಡಬೇಡಿ, ಕೆಟ್ಟು ನಿಂತ ಬಸ್ಸಿಗೂ ತಡವಾಗಿ ಬಂದದ್ದಕ್ಕೂ ಅದು ಬೇಕು. ಈ ಒಂದು ಖಾಲಿ ಅಂಕಣ ಇಲ್ಲದಿದ್ದರೆ ಮೊದಲ ಪಂಕ್ಚರಿನ ದಿನವೇ ಇಡೀ ವ್ಯವಸ್ಥೆ ಮುರಿಯುತ್ತದೆ.

ಯಾವ ದಿಕ್ಕನ್ನು ಎಲ್ಲಿ ಇಡಬೇಕು ಎಂಬುದರಲ್ಲಿ ಬಹುತೇಕ ನಿಲ್ದಾಣಗಳು ಎಡವುತ್ತವೆ. ಹೆಚ್ಚು ಮಂದಿ ಹೋಗುವ ಊರಿನ ಬಸ್ಸನ್ನು ಅನುಕೂಲವಾಗಲಿ ಎಂದು ಬಾಗಿಲಿನ ಎದುರಿಗೇ ಹಚ್ಚುತ್ತಾರೆ. ಆಗ ಕಾಯುವವರು, ಒಳಬರುವವರು, ಇಳಿದು ಹೊರಹೋಗುವವರು ಮೂವರೂ ಒಂದೇ 40 ಫೂಟಿನಲ್ಲಿ ಸಿಕ್ಕಿಬೀಳುತ್ತಾರೆ. ಇದನ್ನು ತಿರುವು ಮುರುವು ಮಾಡಿ. ಭಾರೀ ಗುಂಪು ಎರಡು ತುದಿಗೆ ಹೋಗಲಿ, ಹಗುರಾದವು ನಡುವೆ ಬರಲಿ. ಬಸ್ಸು ಒಳಬರುವ ಗೇಟು 1ನೇ ಅಂಕಣದ ಕಡೆ ಇದೆ ಎಂದುಕೊಂಡರೆ ಕಲಬುರಗಿ 1ರಿಂದ 3, ಹಳ್ಳಿ ಬಸ್ಸು 4 ಮತ್ತು 5, ಖಾಲಿ ಅಂಕಣ 6, ಸೊಲ್ಲಾಪುರ ಕಡೆ 7 ಮತ್ತು 8, ಗಾಣಗಾಪುರ 9ರಿಂದ 12. ಮುದುಕರಿಗೆ 60–70 ಫೂಟು ಹೆಚ್ಚು ನಡಿಗೆ ಬೀಳುತ್ತದೆ ನಿಜ. ಅದಕ್ಕಾಗಿ ಬೆಂಚುಗಳನ್ನು ತುದಿಗಳಿಗೆ ಸಾಗಿಸಿ. ನಡುವೆ ಬೆಂಚು ಇರಲೇಬಾರದು, ಬೆಂಚು ಇದ್ದಲ್ಲಿ ಮಂದಿ ನಿಲ್ಲುತ್ತಾರೆ. ನೆರಳೂ ಹಾಗೆಯೇ. ನಮ್ಮ ಕಡೆ ಏಪ್ರಿಲ್ ಬಿಸಿಲಿನಲ್ಲಿ ಇಳಿಹೊತ್ತಿನ ಬಿಸಿಲು ಹೊಡೆಯುವ ತುದಿಗೆ ಎಂಥ ಬೋರ್ಡ್ ಹಾಕಿದರೂ ಯಾರೂ ಹೋಗರು, ಮೊದಲು ಅಲ್ಲಿ ಶೀಟು ಇಳಿಸಬೇಕು.

ಇಷ್ಟಾದ ಮೇಲೆ ಬೋರ್ಡು. ಬೋರ್ಡು ಹಾಕುವ ಜಾಗವನ್ನು ಗೋಡೆ ಎಲ್ಲಿ ಖಾಲಿ ಇದೆ ಎಂದು ನೋಡಿ ಆರಿಸಬಾರದು. ಊರಿಗೆ ಹೊಸಬರಾದ ಐದಾರು ಜನರನ್ನು ಬಾಗಿಲಿನಿಂದ ಒಳಗೆ ಕಳಿಸಿ, "ಗಾಣಗಾಪುರದ ಬಸ್ಸು ಹಿಡಿಯಿರಿ" ಎನ್ನಿ, ಹಿಂದೆ ನಿಂತು ಅವರು ಎಲ್ಲೆಲ್ಲಿ ನಿಂತು ಕತ್ತು ತಿರುಗಿಸುತ್ತಾರೆ ಎಂದು ಫರಸಿಯ ಮೇಲೆ ಸುಣ್ಣದ ಗುರುತು ಹಾಕಿ. ಗುರುತುಗಳು ಎರಡು ಮೂರು ಕಡೆ ಗುಂಪಾಗಿ ಬೀಳುತ್ತವೆ. ಬೋರ್ಡು ಬೇಕಾದದ್ದು ಅಲ್ಲಿ. ಸಾಮಾನ್ಯವಾಗಿ ಮೊದಲ ಗುಂಪು ಬಾಗಿಲು ದಾಟಿ ಎಂಟು ಹತ್ತು ಫೂಟು ಒಳಗೆ ಬೀಳುತ್ತದೆ, ಏಕೆಂದರೆ ಹೊರಗಿನ ಬೆಳಕಿನಿಂದ ನೆರಳಿಗೆ ಬಂದ ಕಣ್ಣಿಗೆ ಒಂದೆರಡು ಕ್ಷಣ ಏನೂ ಕಾಣುವುದಿಲ್ಲ. ಬಾಗಿಲ ನೆತ್ತಿಯ ಮೇಲೆ ಬರೆದದ್ದನ್ನು ಒಳಬಂದವನು ಆಗಲೇ ದಾಟಿರುತ್ತಾನೆ.

ಆ ಮೊದಲ ಬೋರ್ಡು ಒಳಬರುವವನ ಮುಖಕ್ಕೆ ಎದುರಾಗಿ ಸೂರಿನಿಂದ ಇಳಿಬಿದ್ದಿರಬೇಕು, ಕೆಳಗಿನ ಅಂಚು ನೆಲದಿಂದ 8 ಫೂಟು. ತಲೆಯ ಮೇಲೆ ಗಂಟು ಹೊತ್ತವರೂ ಅದರಡಿ ಹಾಯಬೇಕು. ಅದರಲ್ಲಿ ನಾಲ್ಕೇ ಸಾಲು ಇರಲಿ, ಪ್ರತಿ ಸಾಲಿನಲ್ಲಿ ದಿಕ್ಕು, ಅಂಕಣ, ಬಾಣ. ನಲವತ್ತು ಊರಿನ ಅಕಾರಾದಿ ಪಟ್ಟಿಯನ್ನು ಇಲ್ಲಿ ಹಾಕಿದರೆ ಓದುವವನು ಅರ್ಧ ನಿಮಿಷ ಅಲ್ಲೇ ನಿಲ್ಲುತ್ತಾನೆ, ನೀವೇ ನಡುವೆ ಇನ್ನೊಂದು ಗುಂಪು ಕಟ್ಟಿದಂತೆ. ಆ ಪಟ್ಟಿಯೂ ಬೇಕು, ಆದರೆ ಅದು ಪಕ್ಕದ ಗೋಡೆಗೆ ಹೋಗಲಿ, ದಾರಿಯಿಂದ ಆಚೆ ಇಬ್ಬರು ಮೂವರು ನಿಂತು ಓದುವ ಜಾಗದಲ್ಲಿ.

ಅಕ್ಷರದ ಅಳತೆಗೆ ಒಂದು ಸರಳ ಸೂತ್ರ: ಎಷ್ಟು ಮೀಟರಿನಿಂದ ಓದಬೇಕೋ ಅದನ್ನು ಎರಡೂವರೆಯಿಂದ ಭಾಗಿಸಿದರೆ ಬರುವಷ್ಟು ಸೆಂಟಿಮೀಟರ್ ಎತ್ತರ ಬೇಕು. ನಡುಬಾಗಿಲಿನಿಂದ ತುದಿಯ ಅಂಕಣಕ್ಕೆ 80 ಫೂಟು, ಅಂದರೆ 24 ಮೀಟರಿನಷ್ಟು. ಅಲ್ಲಿಗೆ 10 ಸೆಂಟಿಮೀಟರ್ ಕನಿಷ್ಠ. ಕನ್ನಡದಲ್ಲಿ ಒಂದು ಎಚ್ಚರ ಬೇಕು. ಪೇಂಟರ್ "10 ಸೆಂಟಿಮೀಟರ್ ಬರೆದೀನಿ" ಅಂದಾಗ ಅವನು ಒತ್ತಕ್ಷರವನ್ನೂ ಸೇರಿಸಿ ಅಳೆದಿರುತ್ತಾನೆ. "ಸೊಲ್ಲಾಪುರ"ದಲ್ಲಿ ಲ ಒತ್ತನ್ನು ಬಿಟ್ಟು ಮೇಲಿನ ಅಕ್ಷರ ಮಾತ್ರ ಅಳೆಯಿರಿ, ಆರೇ ಸೆಂಟಿಮೀಟರ್ ಉಳಿದಿರುತ್ತದೆ. ಹಾಗೆಯೇ ಒಂದೇ ರೀತಿ ಶುರುವಾಗುವ ಹೆಸರುಗಳನ್ನು ಮೇಲೆ ಕೆಳಗೆ ಬರೆಸಬೇಡಿ. ಶಹಾಬಾದ್, ಶಹಾಪುರ ಎರಡನ್ನೂ ದೂರದಿಂದ ನೋಡುವವರು "ಶಹಾ" ಅಷ್ಟನ್ನೇ ಓದಿ ಕಾಲು ಕೀಳುತ್ತಾರೆ.

ಭಾಷೆಯ ವಿಷಯ. ಗಾಣಗಾಪುರಕ್ಕೆ ಮಹಾರಾಷ್ಟ್ರದಿಂದ ಬರುವವರು ಬಹಳ, ಊರೊಳಗೆ ಉರ್ದು ಓದುವವರೂ ಇದ್ದಾರೆ, ತೆಲುಗಿನವರೂ ಬರುತ್ತಾರೆ. ಎಲ್ಲ ಲಿಪಿಯನ್ನೂ ಪ್ರತಿ ಬೋರ್ಡಿಗೆ ತುಂಬಿದರೆ ಎಲ್ಲವೂ ಸಣ್ಣದಾಗಿ ಯಾರಿಗೂ ಕಾಣುವುದಿಲ್ಲ. ಕನ್ನಡ ದೊಡ್ಡದಾಗಿ ಮೇಲಿರಲಿ, ಕೆಳಗೆ ದೇವನಾಗರಿ ಇದ್ದರೆ ಮರಾಠಿ, ಹಿಂದಿ ಎರಡಕ್ಕೂ ಆಗುತ್ತದೆ, ಉಳಿದ ಲಿಪಿಗಳು ಗೋಡೆಯ ಪಟ್ಟಿಯಲ್ಲಿರಲಿ. ನಿಜವಾದ ಕೆಲಸ ಮಾಡುವುದು ಅಂಕಿ. ಅಕ್ಷರ ಬಾರದವರೂ ನೋಟಿನಿಂದ, ಮೊಬೈಲಿನಿಂದ 9 ಎಂಬುದನ್ನು ಬಲ್ಲರು. ಪ್ರತಿ ಅಂಕಣದ ಮುಂದೆ ಒಂದು ಫೂಟು ಎತ್ತರದ ಅಂಕಿ, ಎರಡೂ ಮುಖದ್ದು, ವರಾಂಡಕ್ಕೆ ಅಡ್ಡಲಾಗಿ ತೂಗುಬೀಳಲಿ. ಬಸ್ಸಿನ ಕಡೆ ಮುಖ ಮಾಡಿದ ಅಂಕಿ ಡ್ರೈವರನಿಗೆ ಮಾತ್ರ ಕಾಣುತ್ತದೆ. ಫ್ಲೆಕ್ಸ್ ಬೇಡ, ಸಂಜೆ ಬಿಸಿಲಿಗೆ ಹೊಳೆದು ಬರೀ ಬಿಳಿ ಹಾಳೆಯಂತೆ ಕಾಣುತ್ತದೆ. ಕಡುನೀಲಿ ಮೇಲೆ ಬಿಳಿ ಬರಹ, ಹೊಳಪಿಲ್ಲದ ಬಣ್ಣ ಸಾಕು.

ಇನ್ನೊಂದು ಸಾಲು ಬೋರ್ಡಿಗೆ ಸೇರಿಸಿದರೆ ವಿಚಾರಣೆ ಕಿಟಕಿಯ ಗುಂಪು ಕರಗುತ್ತದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದಾಗಿನಿಂದ ಹೆಣ್ಣುಮಕ್ಕಳು ಎರಡು ಪ್ರಶ್ನೆ ಕೇಳುತ್ತಾರೆ: ಬಸ್ಸು ಎಲ್ಲಿ, ಇದರಲ್ಲಿ ಫ್ರೀ ಇದೆಯೋ ಇಲ್ಲವೋ. ರಾಜ್ಯದೊಳಗಿನ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಿಗೆ ಇದೆ, ಐಷಾರಾಮಿ ಬಸ್ಸಿಗೂ ಹೊರರಾಜ್ಯಕ್ಕೆ ಹೋಗುವ ಪ್ರಯಾಣಕ್ಕೂ ಇಲ್ಲ. ಅದನ್ನು 7 ಮತ್ತು 8ರ ಅಂಕಿಯ ಕೆಳಗೇ ಬರೆಸಿಬಿಡಿ.

ಈಗ ಇಳಿಯುವವರ ಕಡೆ ಬರೋಣ, ರೊಕ್ಕಕ್ಕೆ ಹೆಚ್ಚು ಫಲ ಸಿಗುವುದು ಇಲ್ಲಿ. ನಿಮ್ಮ 10 ಫೂಟಿನ ಬಾಗಿಲಿನ ಎರಡು ಮಗ್ಗುಲಿಗೆ ಹೂವಿನವರು, ನೀರಿನ ಬಾಟಲಿಯವರು ಕೂತು 7 ಫೂಟು ಉಳಿದಿದೆ ಎಂದುಕೊಳ್ಳಿ. ಅಂಚಿಗೆ ಯಾರೂ ಮೈ ತಾಗಿಸಿ ನಡೆಯುವುದಿಲ್ಲ, ಎರಡೂ ಕಡೆ ಒಂದೊಂದು ಫೂಟು ಬಿಡಿ. ಕೆಲಸಕ್ಕೆ ಬರುವುದು 5 ಫೂಟು. ಸಮತಟ್ಟು ನೆಲದಲ್ಲಿ ಒಂದೇ ದಿಕ್ಕಿಗೆ, ಬರಿಗೈಯಲ್ಲಿ ಮಂದಿ ಒತ್ತಾಗಿ ನಡೆದರೆ ಒಂದು ಫೂಟು ಅಗಲದಲ್ಲಿ ನಿಮಿಷಕ್ಕೆ ಸುಮಾರು 25 ಜನ ಹಾಯುತ್ತಾರೆ. ಎದುರುಬದುರು ನಡಿಗೆ, ಚೀಲ, ಕೂಸು ಎಲ್ಲ ಸೇರಿದಾಗ ಅರ್ಧಕ್ಕೆ ಇಳಿಸಿ. ನಿಮ್ಮ ಬಾಗಿಲು ನಿಮಿಷಕ್ಕೆ 60 ಜನರನ್ನು ನುಂಗಬಲ್ಲದು. ಮೂರು ಬಸ್ಸು ಎರಡು ನಿಮಿಷದೊಳಗೆ ಬಂದು 55ರಂತೆ 165 ಜನ ಇಳಿದರೆ ಹೊರಹೋಗುವವರೇ ನಿಮಿಷಕ್ಕೆ 80. ಒಳಬರುವವರನ್ನು ಇನ್ನೂ ಲೆಕ್ಕಕ್ಕೆ ಹಿಡಿದಿಲ್ಲ. ಗಂಟು ಕಟ್ಟುವುದು ಹೀಗೆ.

ಪರಿಹಾರ ಬಾಗಿಲು ಒಡೆದು ಅಗಲ ಮಾಡುವುದಲ್ಲ. ಬಸ್ಸು ಒಳಬಂದ ಕೂಡಲೇ, ಅಂಕಣಕ್ಕೆ ಹೋಗುವ ಮೊದಲೇ, ಗೇಟಿನ ಹತ್ತಿರ ಎರಡು ಬಸ್ಸು ಸಾಲಾಗಿ ನಿಲ್ಲುವಷ್ಟು ಇಳಿಯುವ ಜಾಗ ಮಾಡಿ, ಅಲ್ಲಿಂದ ಕಾಲುದಾರಿ ನೇರ ರೋಡಿಗೆ ಹೋಗಲಿ. ಆ 80 ಜನ ವರಾಂಡಕ್ಕೆ ಬರುವುದೇ ಇಲ್ಲ. ಬಸ್ಸು ಖಾಲಿಯಾಗಿ ಅಂಕಣಕ್ಕೆ ಬರುವುದರಿಂದ ಬಾಗಿಲಲ್ಲಿ ಹತ್ತುವವರು, ಇಳಿಯುವವರು ಗುದ್ದಾಡುವುದೂ ತಪ್ಪುತ್ತದೆ. ಬಸ್ಸು ಮೂತಿಯನ್ನು ವರಾಂಡದ ಕಡೆ ಮಾಡಿ ನಿಲ್ಲುತ್ತದೆ, ಹತ್ತುವ ಬಾಗಿಲು ಇರುವುದು ಎರಡು ಬಸ್ಸುಗಳ ನಡುವಿನ ಸಂದಿಯಲ್ಲಿ. ನಿಮ್ಮ ಅಂಕಣ 13 ಫೂಟು, ಬಸ್ಸು 8 ಫೂಟಿಗೂ ತುಸು ಹೆಚ್ಚು, ಉಳಿಯುವ ಸಂದಿ 5 ಫೂಟಿನೊಳಗೆ. ಅಲ್ಲಿ ಐವತ್ತು ಜನ ತುಂಬಿರುವಾಗ ಪಕ್ಕದ ಬಸ್ಸು ರಿವರ್ಸ್ ತೆಗೆಯುವುದು ನಿಲ್ದಾಣದ ಅತ್ಯಂತ ಅಪಾಯದ ಗಳಿಗೆ. ಆ ಸಂದಿಯಲ್ಲಿ ನಿಂತ ಪ್ರತಿ ಒಬ್ಬನನ್ನು ಕಡಿಮೆ ಮಾಡಿದಷ್ಟೂ ಒಳ್ಳೆಯದು.

ಇದಕ್ಕೂ ಅಡ್ಡಪರಿಣಾಮ ಇದೆ. ಹದಿನೈದು ದಿನದೊಳಗೆ ಚುರುಕು ಹುಡುಗರು ಇಳಿಯುವ ಜಾಗಕ್ಕೇ ಓಡಿ ಕಿಟಕಿಯಿಂದ ಟವೆಲ್ ಒಗೆದು ಸೀಟು ಹಿಡಿಯಲು ಶುರು ಮಾಡುತ್ತಾರೆ. ಮುನ್ನೆಚ್ಚರಿಕೆಯಾಗಿ ಗಾಣಗಾಪುರದ ಅಂಕಣಗಳನ್ನು ಮೇಲೆ ಹೇಳಿದಂತೆ ಆ ಗೇಟಿನಿಂದ ದೂರದ ತುದಿಯಲ್ಲಿಡಿ, ಇಳಿಯುವ ಜಾಗಕ್ಕೂ 1ನೇ ಅಂಕಣಕ್ಕೂ ನಡುವೆ ರೇಲಿಂಗ್ ಹಾಕಿ. ನೀವು ಕೇಳಿದ ಸ್ಟೀಲ್ ರೇಲಿಂಗಿಗೆ ಸರಿಯಾದ ಜಾಗ ಇದು. ಇನ್ನು ಕಲಬುರಗಿಯಿಂದ ಬಂದಿಳಿದು ಗಾಣಗಾಪುರದ ಬಸ್ಸು ಹಿಡಿಯುವವರು ವರಾಂಡದ ಉದ್ದಕ್ಕೂ ನಡೆಯಲೇಬೇಕು. ಅವರಿಗಾಗಿ ಗೋಡೆಯ ಪಕ್ಕದ 7 ಫೂಟನ್ನು ನಡಿಗೆಗೆ ಬಿಡಿಸಿ, ಕಾಯುವವರು ಬಸ್ಸಿನ ಕಡೆಯ 13 ಫೂಟಿನಲ್ಲಿ ನಿಲ್ಲಲಿ. ಗಡಿಗೆರೆಗೆ ಪೇಂಟು ಹಚ್ಚಿದರೆ ಶಹಾಬಾದ್ ಕಲ್ಲಿನ ಮೇಲೆ ಕೆಲವೇ ತಿಂಗಳಲ್ಲಿ ಸವೆಯುತ್ತದೆ. ಒಂದು ಸಾಲು ಫರಸಿ ತೆಗೆದು ಹಳದಿ ತಾಂಡೂರು ಕಲ್ಲು ಕೂರಿಸಿ, ಗೆರೆ ಕಲ್ಲಿನಷ್ಟೇ ಬಾಳುತ್ತದೆ.

ಸಾಲು ಹಚ್ಚಲು ರೇಲಿಂಗ್ ಬೇಕೆನ್ನುವವರಿಗೆ ನನ್ನ ಸಲಹೆ: ಬೆಸುಗೆ ಹಾಕಿ ಕಾಯಂ ಮಾಡಬೇಡಿ. ಹುಣ್ಣಿಮೆಗೆ ಮಾತ್ರ 9ರಿಂದ 12ರ ಮುಂದೆ ಎತ್ತಿಡುವ ಕಂಬ, ಹಗ್ಗ ಸಾಕು. ಸಾಲಿನ ಅಗಲ 3 ಫೂಟು ಇರಲಿ. 2 ಫೂಟು ಮಾಡಿದರೆ ಚೀಲ ಹಿಡಿದವರು ಸಿಕ್ಕಿಕೊಳ್ಳುತ್ತಾರೆ. ಹತ್ತು ಫೂಟಿಗೊಂದು ಕಡೆ ಪಕ್ಕಕ್ಕೆ ಹೊರಬರುವ ಕಂಡಿ ಇರಲಿ, ಮುಂದಿನ ಬಾಯಿಗೆ ಬೀಗ ಇರಕೂಡದು. ಕೂಸು ಅಳುತ್ತದೆ, ಯಾರಿಗೋ ತಲೆಸುತ್ತು ಬರುತ್ತದೆ, ಅವರು ಹಿಂದಕ್ಕೂ ಹೋಗಲಾರರು, ಮುಂದಕ್ಕೂ ಹೋಗಲಾರರು. ಗಟ್ಟಿ ರೇಲಿಂಗಿನೊಳಗೆ ಹಿಂದಿನವರ ಒತ್ತಡಕ್ಕೆ ಹೊರದಾರಿ ಇಲ್ಲದಿದ್ದರೆ ಅದು ಮುಂದಿನವರ ಎದೆಯ ಮೇಲೆ ಬೀಳುತ್ತದೆ.

ಧ್ವನಿವರ್ಧಕದಲ್ಲಿ ಹೇಳುವ ಮಾತಿಗೂ ಒಂದು ನಿಯಮ ಬೇಕು. ಊರಿನ ಹೆಸರು ಮೊದಲು, ಅಂಕಣ ಆಮೇಲೆ, ಎರಡು ಸಲ, ಬಸ್ಸು ಗೇಟಿಗೆ ಬರುವುದಕ್ಕಿಂತ ಐದು ನಿಮಿಷ ಮುಂಚೆ. ಬಸ್ಸು ಹೊಕ್ಕ ಮೇಲೆ "ಇದು 9ಕ್ಕಲ್ಲ, 4ಕ್ಕೆ" ಎಂದು ಕೂಗುವುದು ಕಟ್ಟಾಗಿ ನಿಲ್ಲಲಿ. ಅಂಥ ಒಂದು ಕೂಗು ನೂರು ಜನರನ್ನು ಒಮ್ಮೆಗೇ ಎದುರು ದಿಕ್ಕಿಗೆ ಓಡಿಸುತ್ತದೆ. ಬದಲಿಸಲೇಬೇಕಾದರೆ ಖಾಲಿ ಇಟ್ಟ 6ಕ್ಕೆ ಮಾತ್ರ, ಅದೂ ಬಸ್ಸು ನಿಂತು ಬಾಗಿಲು ಮುಚ್ಚಿರುವಾಗಲೇ ಹೇಳಿ. ಮಳೆ ಬಂದಾಗ ಇನ್ನೊಬ್ಬ ಸಿಬ್ಬಂದಿ ನಡುಬಾಗಿಲಲ್ಲಿ ಇರಲಿ. 2017ರ ಸೆಪ್ಟೆಂಬರ್ 29ರಂದು ಮುಂಬೈಯ ಎಲ್ಫಿನ್‌ಸ್ಟನ್ ರೋಡ್ ರೈಲು ನಿಲ್ದಾಣದ ಕಾಲುಸೇತುವೆಯ ಮೆಟ್ಟಿಲಲ್ಲಿ 20ಕ್ಕೂ ಹೆಚ್ಚು ಜನ ಸತ್ತರು. ಹೊರಗೆ ಮಳೆ ಎಂದು ಮುಂದಿದ್ದವರು ಅಲ್ಲೇ ನಿಂತಿದ್ದರು, ಹಿಂದಿನಿಂದ ರೈಲಿನ ಮೇಲೆ ರೈಲಿನ ಮಂದಿ ಬರುತ್ತಲೇ ಇದ್ದರು. ನಿಮ್ಮ ಬಾಗಿಲ ಸೂರಿನ ಅಂಚಿಗೂ ಅದೇ ಗುಣ ಇದೆ.

ಇಷ್ಟನ್ನೂ ಮಾಡಿಸುವ ಮೊದಲು ಒಂದು ಹುಣ್ಣಿಮೆಗೆ ಪುಕ್ಕಟೆ ಪರೀಕ್ಷೆ ಮಾಡಿ. ರಟ್ಟಿನ ಮೇಲೆ ಅಂಕಿ ಬರೆದು ತೂಗುಹಾಕಿ, ಸುಣ್ಣದ ಗೆರೆ ಎಳೆಯಿರಿ, ಕಂಟ್ರೋಲರ್ ಆ ಒಂದು ದಿನ ಅಂಕಣ ಬದಲಿಸದಿರಲಿ. ಅದೇ ನಾಲ್ಕು ಹುಡುಗರು ಅದೇ ಹೊತ್ತಿಗೆ ಮತ್ತೆ ಎಣಿಸಲಿ, ಜೊತೆಗೆ ವಿಚಾರಣೆ ಕಿಟಕಿಯಲ್ಲಿ ತಾಸಿಗೆ ಎಷ್ಟು ಜನ "ಯಾವ ಅಂಕಣ್ರಿ" ಎಂದು ಕೇಳಿದರು ಎಂದು ಗೀಟು ಹಾಕಿಕೊಳ್ಳಲಿ. ನಡುವಿನ 250 ಎಂಬುದು 120ರ ಹತ್ತಿರ ಇಳಿದರೆ ದಾರಿ ಸರಿ ಇದೆ. ಮೊದಲ ದಿನ ಅಷ್ಟು ಇಳಿಯಲಿಕ್ಕಿಲ್ಲ, ಹೋದ ನಂಬಿಕೆ ಮರಳಲು ಎರಡು ಮೂರು ಹುಣ್ಣಿಮೆ ಬೇಕು.

ಬೋರ್ಡು, ಅಂಕಣ, ಗೆರೆಗಳಿಂದ ಆಗುವುದಕ್ಕೆ ಮಿತಿ ಇದೆ. ನಡಿಗೆಯ 7 ಫೂಟು ಬಿಟ್ಟ ಮೇಲೆ ಕಾಯಲು ಉಳಿಯುವುದು 520 ಫರಸಿ. 400 ಮಂದಿಗೆ ತಲೆಗೆ ಒಂದೂಕಾಲು ಫರಸಿ, ಸಾಲಿನಲ್ಲಿ ನಿಂತವರಿಗೆ ನಡೆಯುತ್ತದೆ. 500 ದಾಟಿದ ದಿನ ತಲೆಗೆ ಒಂದಕ್ಕೆ ಇಳಿಯುತ್ತದೆ, ಕಾಯುವವರು ಹಳದಿ ಗೆರೆ ದಾಟಿ ನಡಿಗೆಯ ದಾರಿಯಲ್ಲಿ ನಿಲ್ಲತೊಡಗುತ್ತಾರೆ. ಅದು ಕಣ್ಣಿಗೆ ಕಾಣುವ ಗುರುತು. ಅದು ಕಂಡ ಹುಣ್ಣಿಮೆಯಿಂದ ಗಾಣಗಾಪುರದ ಬಸ್ಸುಗಳನ್ನು ನಿಲ್ದಾಣದಿಂದ ಹೊರಗೆ, ಒಳಗೆ ಬರಲು ಒಂದು, ಹೊರಗೆ ಹೋಗಲು ಇನ್ನೊಂದು ದಾರಿ ಇರುವ ಮೈದಾನಕ್ಕೆ ಒಯ್ಯಬೇಕು. ಅಲ್ಲಿಗೆ ದಾರಿ ತೋರುವ ಬೋರ್ಡು ರೋಡಿನ ಮೇಲೇ ಇರಲಿ, ನಡುಬಾಗಿಲಿನ ಒಳಗಲ್ಲ.